ಐಸಿಗೆ ದೂರು ಕೊಟ್ಟ ಮೇಲೆ ಬೆಂಚು, ಕಡಿಮೆ ರೇಟಿಂಗ್: ಸೇಡನ್ನು ಗುರುತಿಸಿ ಬೇರೆ ದೂರಾಗಿ ದಾಖಲಿಸುವ ಬಗೆ

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಕೆಲಸ. ಜೂನ್ 3ಕ್ಕೆ ನಮ್ಮ ಡೆಲಿವರಿ ಮ್ಯಾನೇಜರ್ ಮೇಲೆ ಕಂಪನಿಯ ಐಸಿಗೆ (ಆಂತರಿಕ ಸಮಿತಿ) ಲೈಂಗಿಕ ಕಿರುಕುಳದ ದೂರು ಕೊಟ್ಟೆ. ಜುಲೈ 1ಕ್ಕೆ ಪ್ರಾಜೆಕ್ಟ್‌ನಿಂದ ತೆಗೆದು ಬೆಂಚಿಗೆ ಹಾಕಿದರು. ಜುಲೈ 18ಕ್ಕೆ ರೇಟಿಂಗ್ 4ರಿಂದ 2ಕ್ಕೆ ಇಳಿಯಿತು. ಎಚ್‌ಆರ್‌ನವರು ದೂರಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಾರೆ. ಇದು ಸೇಡು ಅಂತ ಹೇಗೆ ತೋರಿಸೋದು?

ಉತ್ತರ: ಇದನ್ನು ಹಳೆಯ ದೂರಿನ ಬಾಲವಾಗಿ ಸೇರಿಸಬೇಡಿ, ಹೊಸ ದೂರಾಗಿಯೇ ಕೊಡಿ. ಎರಡಕ್ಕೂ ಬೇಕಾದ ಸಾಕ್ಷಿ ಬೇರೆ ಬೇರೆ. ಮೊದಲನೆಯದರಲ್ಲಿ ಆತ ಏನು ಮಾಡಿದ ಎಂಬುದು ಪ್ರಶ್ನೆ, ಅಲ್ಲಿ ಬಹಳ ಸಲ ನೋಡಿದವರೇ ಇರುವುದಿಲ್ಲ. ಎರಡನೆಯದರಲ್ಲಿ ದೂರು ಕೊಟ್ಟಿದ್ದಕ್ಕಾಗಿ ನಿಮ್ಮ ಕೆಲಸಕ್ಕೆ ಏಟು ಬಿತ್ತೇ ಎಂಬುದು ಪ್ರಶ್ನೆ, ಅದಕ್ಕೆ ತಾರೀಕು, ಮೇಲ್, ರೇಟಿಂಗ್ ಶೀಟು ಸಿಗುತ್ತವೆ. ಒಂದೇ ಪತ್ರದಲ್ಲಿ ಎರಡನ್ನೂ ಕಲಸಿದರೆ, ಮೊದಲನೆಯದು ಸಾಬೀತಾಗದಿದ್ದಾಗ ಎರಡನೆಯದನ್ನೂ ಜೊತೆಗೇ ಮುಚ್ಚಿಬಿಡುತ್ತಾರೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 14ನೇ ಸೆಕ್ಷನ್ನೇ ಹೇಳುವಂತೆ, ಸಾಬೀತು ಮಾಡಲು ಆಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ಆ ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಲು ಅದು ಪರವಾನಗಿಯೂ ಅಲ್ಲ.

ಇಂಥ ಪ್ರಕರಣಗಳು ಸೋಲುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. "ಬೆಂಚಿಗೆ ಹಾಕಿದವರಿಗೆ ದೂರಿನ ವಿಷಯವೇ ಗೊತ್ತಿರಲಿಲ್ಲ" ಎನ್ನುತ್ತಾರೆ, ಅದಕ್ಕೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಆದ್ದರಿಂದ ಯಾರಿಗೆ ಯಾವತ್ತು ತಿಳಿಯಿತು ಎಂಬುದನ್ನು ಮೊದಲು ಹಿಡಿಯಿರಿ. ನಿಯಮದ ಪ್ರಕಾರ ಐಸಿ ದೂರಿನ ಪ್ರತಿಯನ್ನು 7 ಕೆಲಸದ ದಿನಗಳೊಳಗೆ ಎದುರುದಾರನಿಗೆ ಕಳಿಸಬೇಕು. ಅಂದರೆ ಜೂನ್ ಮಧ್ಯದ ಹೊತ್ತಿಗೆ ಆತನ ಕೈಗೆ ಅದು ಸೇರಿರಬೇಕು. ನೋಟಿಸ್ ತಲುಪಿದ ತಾರೀಕು ತಿಳಿಸಿ ಎಂದು ಐಸಿಗೆ ಎರಡು ಸಾಲಿನ ಮೇಲ್ ಹಾಕಿ. ಆಮೇಲೆ ಬೆಂಚಿನ ತೀರ್ಮಾನ ಯಾರದು ಎಂದು ನೋಡಿ. ಆದೇಶದ ಮೇಲೆ ಸಹಿ ಬೇರೆಯವರದಿರಬಹುದು, ಆದರೆ ನಿಮ್ಮನ್ನು ಬಿಡುಗಡೆ ಮಾಡಿ ಎಂಬ ರಿಲೀಸ್ ರಿಕ್ವೆಸ್ಟನ್ನು ಯಾರೋ ಹಾಕಿರಲೇಬೇಕು, ಅದಕ್ಕೆ ಹೆಸರೂ ತಾರೀಕೂ ಇರುತ್ತದೆ. ಅದು ಮೇ 20ರದಾಗಿದ್ದರೆ, ಬೇಸರವಾದರೂ ಒಪ್ಪಿಕೊಳ್ಳಿ, ಆ ಒಂದು ಅಂಶ ಸೇಡಲ್ಲ. ಜೂನ್ 20ರದಾಗಿದ್ದು, ಅದನ್ನು ಹಾಕಿದ್ದು ಅದೇ ಮ್ಯಾನೇಜರ್ ಆಗಿದ್ದರೆ ನಿಮ್ಮ ಪ್ರಕರಣದ ಬೆನ್ನೆಲುಬು ಸಿಕ್ಕಂತೆ. ರೇಟಿಂಗಿಗೂ ಹೀಗೇ: ಅಂಕಿ ಯಾವತ್ತು ಫ್ರೀಜ್ ಆಯಿತು, ನಿಮಗೆ ಯಾವತ್ತು ಹೇಳಿದರು, ಇವು ಎರಡು ಬೇರೆ ತಾರೀಕುಗಳು. ಬೇಕಾದ್ದು ಮೊದಲನೆಯದು.

ಎರಡನೆಯದಾಗಿ ಕಾರಣ ಕೇಳಿ, ಬರಹದಲ್ಲೇ ಕೇಳಿ. "ಜುಲೈ 1ರಂದು ನನ್ನನ್ನು ಬಿಡುಗಡೆ ಮಾಡಿದ ಕಾರಣ ತಿಳಿಸಬೇಕಾಗಿ ವಿನಂತಿ" ಎಂದಷ್ಟೇ ಬರೆಯಿರಿ, ಆರೋಪ ಬೇಡ. ಮೊದಲು "ಬಜೆಟ್ ಇಲ್ಲ" ಎಂದವರು ಮೂರು ವಾರ ಕಳೆದು "ಪರ್ಫಾರ್ಮೆನ್ಸ್ ಸರಿ ಇಲ್ಲ" ಎಂದರೆ, ಆ ಬದಲಾದ ಕಾರಣವೇ ಬಲವಾದ ಸಾಕ್ಷಿ. ಬಜೆಟ್ ಇಲ್ಲ ಎಂದ ವಾರದಲ್ಲೇ ಅದೇ ಪ್ರಾಜೆಕ್ಟಿಗೆ ನಿಮ್ಮದೇ ಕೆಲಸಕ್ಕೆ ಹೊಸಬರನ್ನು ತಂದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಇದರ ಪಕ್ಕದಲ್ಲಿ ಹಿಂದಿನ ವರ್ಷದ ಅಪ್ರೈಸಲ್ ಪತ್ರ, ಮೇ ತಿಂಗಳವರೆಗಿನ ಕ್ಲೈಂಟ್ ಮೆಚ್ಚುಗೆಯ ಮೇಲ್‌ಗಳ ವಿವರ ಇಡಿ. ದೂರಿಗೆ ಮುಂಚೆ ಹೇಗಿತ್ತು, ನಂತರ ಹೇಗಾಯಿತು ಎಂಬುದು ಆಗ ತಾನೇ ಕಾಣುತ್ತದೆ.

ದಾಖಲೆ ಇಡಲು ಒಂದು ನೋಟ್‌ಬುಕ್ ಸಾಕು. ಪ್ರತಿ ಘಟನೆಗೆ ತಾರೀಕು, ಹೊತ್ತು, ಜಾಗ, ಯಾರಿದ್ದರು, ಹೇಳಿದ ಮಾತು, ಅದಕ್ಕೆ ಪುರಾವೆ ಎಲ್ಲಿದೆ, ಇಷ್ಟನ್ನು ಅದೇ ದಿನ ಬರೆಯಿರಿ. ಮಾತನ್ನು ಆಡಿದ ಭಾಷೆಯಲ್ಲೇ ಬರೆಯಿರಿ. ಮ್ಯಾನೇಜರ್ ಮರಾಠಿಯಲ್ಲಿ "ಕಶಾಲಾ ಏವಢಂ ವಾಢವತೇಸ್?" ಅಂದಿದ್ದರೆ ಕನ್ನಡ ಲಿಪಿಯಲ್ಲಾದರೂ ಸರಿ, ಹಾಗೆಯೇ ಇಳಿಸಿಕೊಳ್ಳಿ. "ಬೆದರಿಕೆ ಹಾಕಿದರು" ಎಂದು ಬರೆದರೆ ಅದು ನಿಮ್ಮ ಅಭಿಪ್ರಾಯ. ವಿಷಯ ಯಾಕೆ ಇಷ್ಟು ಬೆಳೆಸ್ತೀಯಾ ಎಂದು ಕೇಳಿದ್ದು ನಡೆದ ಸಂಗತಿ. ಬಾಯಿಮಾತಿನಲ್ಲಿ ಏನಾದರೂ ಹೇಳಿದರೆ ಅವತ್ತೇ ಸಂಜೆ, "ಇಂದು 4 ಗಂಟೆಗೆ ತಾವು ಹೀಗೆ ತಿಳಿಸಿದಿರಿ, ನಾನು ತಪ್ಪಾಗಿ ತಿಳಿದಿದ್ದರೆ ತಿದ್ದಿ" ಎಂದು ಅವರಿಗೇ ಮೇಲ್ ಹಾಕಿ. ಮೀಟಿಂಗಿಗೆ ಕರೆಯದೆ ಬಿಟ್ಟದ್ದು, ಆಕ್ಸೆಸ್ ತೆಗೆದದ್ದು, ಶಿಫ್ಟ್ ಬದಲಿಸಿದ್ದು, ಇಂಥ ಸಣ್ಣವೂ ನೋಟ್‌ಬುಕ್ಕಿನಲ್ಲಿರಲಿ. ಸಹೋದ್ಯೋಗಿಗಳು ಮಾತು ಬಿಟ್ಟದ್ದು ಮನಸ್ಸಿಗೆ ತುಂಬ ನೋವು ಕೊಡುತ್ತದೆ, ಆದರೆ ಮ್ಯಾನೇಜರ್ ಹೇಳಿಸಿ ಮಾಡಿಸಿದ ಗುರುತಿಲ್ಲದಿದ್ದರೆ ಅದನ್ನು ದೂರಿನ ಮುಖ್ಯ ಅಂಶ ಮಾಡಬೇಡಿ.

ದಯವಿಟ್ಟು ಆಫೀಸ್ ಮೇಲ್‌ಗಳನ್ನು ರಾಶಿಯಾಗಿ ನಿಮ್ಮ ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಅದರಲ್ಲಿ ಕ್ಲೈಂಟ್ ಡೇಟಾ ಇದ್ದರೆ ಕಂಪನಿಗೆ ನಿಮ್ಮ ಮೇಲೆ ನಿಜವಾದ ಶಿಸ್ತುಕ್ರಮದ ಕಾರಣವನ್ನು ನೀವೇ ಕೈಗಿಟ್ಟಂತೆ. ಬದಲಿಗೆ ಮೇಲ್‌ನ ತಾರೀಕು, ವಿಷಯದ ಸಾಲು, ಕಳಿಸಿದವರ ಹೆಸರು ಬರೆದಿಟ್ಟುಕೊಳ್ಳಿ. ವಿಚಾರಣೆಯಲ್ಲಿ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಐಸಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಇಂತಿಂಥ ಮೇಲ್ ತರಿಸಿ ಎಂದು ನೀವು ಪಟ್ಟಿ ಕೊಡಬಹುದು. ವಾಟ್ಸಾಪ್ ಮಾತುಕತೆಯನ್ನು ಕತ್ತರಿಸಿದ ಸ್ಕ್ರೀನ್‌ಶಾಟ್ ಆಗಿ ಮಾತ್ರ ಇಡಬೇಡಿ. ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮೂಲ ಸಂದೇಶ ಅಳಿಸದೆ ಅದೇ ಫೋನಿನಲ್ಲಿ ಉಳಿಸಿ. ಟೀಮ್ ಗ್ರೂಪಿನಲ್ಲಿ ಅಥವಾ ಲಿಂಕ್ಡ್‌ಇನ್‌ನಲ್ಲಿ ಏನೂ ಬರೆಯಬೇಡಿ, ದೂರಿನ ವಿವರ ಬಹಿರಂಗ ಮಾಡುವುದನ್ನು 16ನೇ ಸೆಕ್ಷನ್ ತಡೆಯುತ್ತದೆ.

ಈಗ ಹೊಸ ಪತ್ರ. "ಜೂನ್ 3ರ ದೂರಿನ ನಂತರದ ಪ್ರತೀಕಾರ ಕ್ರಮಗಳ ಬಗ್ಗೆ ಪ್ರತ್ಯೇಕ ದೂರು" ಎಂದೇ ವಿಷಯದ ಸಾಲು ಇರಲಿ. ಹಳೆಯ ಘಟನೆಗಳನ್ನು ಮತ್ತೆ ವಿವರಿಸದೆ ದೂರಿನ ತಾರೀಕು ಮಾತ್ರ ಹೇಳಿ. ನಂತರ ನೋಟಿಸ್ ತಲುಪಿದ ದಿನ, ರಿಲೀಸ್ ರಿಕ್ವೆಸ್ಟ್, ಬೆಂಚು, ರೇಟಿಂಗ್, ಕೊಟ್ಟ ಕಾರಣಗಳು, ಇವನ್ನು ತಾರೀಕಿನ ಕ್ರಮದಲ್ಲಿ ಎರಡು ಪುಟದೊಳಗೆ ಮುಗಿಸಿ. ಕೆಲಸಕ್ಕೆ ಧಕ್ಕೆ ತರುವ ಬೆದರಿಕೆ, ಕೆಲಸದಲ್ಲಿ ಅಡ್ಡಿ, ಪ್ರತಿಕೂಲ ವಾತಾವರಣ, ಇವೆಲ್ಲ ಕಾಯ್ದೆಯ 3(2)ರಲ್ಲೇ ಇವೆ, ಅದನ್ನು ಉಲ್ಲೇಖಿಸಿ. ಆದರೆ ಆ ಸೆಕ್ಷನ್ ಲೈಂಗಿಕ ಕಿರುಕುಳಕ್ಕೆ ಜೋಡಿಸಿದ ಮಾತಾದ್ದರಿಂದ, ಬೇರೆ ಮ್ಯಾನೇಜರ್ ಮಾಡಿದ್ದನ್ನು "ಇದು ಎಚ್‌ಆರ್ ವಿಷಯ" ಎಂದು ಐಸಿ ತಳ್ಳಿಹಾಕಬಹುದು. ಹಾಗಾಗಿ ಐಸಿ ಅಧ್ಯಕ್ಷರಿಗೂ ಎಚ್‌ಆರ್ ಮುಖ್ಯಸ್ಥರಿಗೂ ಒಂದೇ ದಿನ ಕಳಿಸಿ. ಸುರಕ್ಷಿತ ಕೆಲಸದ ವಾತಾವರಣ ಕೊಡುವುದು 19ನೇ ಸೆಕ್ಷನ್ ಪ್ರಕಾರ ಮಾಲೀಕರ ಹೊಣೆ, ಅದನ್ನು ಐಸಿಯ ತಲೆಗೆ ಕಟ್ಟಲು ಬರುವುದಿಲ್ಲ. ಕಾಯ್ದೆಯ ದೂರಿಗೆ ಘಟನೆಯಿಂದ 3 ತಿಂಗಳ ಗಡುವು, ಕಾರಣ ತೋರಿಸಿದರೆ ಇನ್ನೂ 3 ತಿಂಗಳವರೆಗೆ ಐಸಿ ವಿಸ್ತರಿಸಬಹುದು. ನೀವು ಜುಲೈ 1ರಿಂದ ಎಣಿಸಿ, ಸೆಪ್ಟೆಂಬರ್ ಮುಗಿಯುವ ಮುಂಚೆ ಕಳಿಸಿಬಿಡಿ.

ಇದರ ಜೊತೆಗೆ 12ನೇ ಸೆಕ್ಷನ್ ಅಡಿ ಇನ್ನೊಂದು ಸಣ್ಣ ಅರ್ಜಿ ಹಾಕಿ. ವಿಚಾರಣೆ ನಡೆಯುತ್ತಿರುವಾಗ ಎದುರುದಾರ ನಿಮ್ಮ ಕೆಲಸದ ಮೌಲ್ಯಮಾಪನ ಮಾಡದಂತೆ ತಡೆದು, ಅದನ್ನು ಬೇರೆಯವರಿಗೆ ವಹಿಸುವಂತೆ ಐಸಿ ಶಿಫಾರಸು ಮಾಡಬಹುದು. ನಿಮ್ಮ ವರ್ಗಾವಣೆಯೋ ರಜೆಯೋ ಕೂಡ ಇದೇ ಸೆಕ್ಷನ್ನಿನಲ್ಲಿದೆ, ಆದರೆ ನೀವು ಬರೆದು ಕೇಳಿದರೆ ಮಾತ್ರ. ನೀವು ಕೇಳದೆಯೇ "ನಿಮ್ಮ ಒಳ್ಳೆಯದಕ್ಕೇ" ಎಂದು ಬೇರೆ ಆಫೀಸಿಗೋ ಮುಂಬೈಗೋ ಕಳಿಸಿದರೆ, ನಾನು ಅದನ್ನು ರಕ್ಷಣೆ ಎನ್ನುವುದಿಲ್ಲ. ಅದನ್ನು ಒಪ್ಪಿಲ್ಲ ಎಂದು ಅವತ್ತೇ ಬರೆದು ತಿಳಿಸಿ. ರೇಟಿಂಗ್ ಪತ್ರಕ್ಕೆ ಸಹಿ ಕೇಳಿದರೆ "ತಲುಪಿದೆ, ಒಪ್ಪಿಲ್ಲ" ಎಂದು ಸಹಿಯ ಮೇಲೆಯೇ ಬರೆಯಿರಿ. ರಾಜೀನಾಮೆ ಪತ್ರಕ್ಕಂತೂ ಎಷ್ಟೇ ಒತ್ತಾಯ ಮಾಡಿದರೂ ಆ ಕೋಣೆಯಲ್ಲಿ ಕೂತು ಸಹಿ ಹಾಕಬೇಡಿ.