ಎಫ್‌ಡಿ ಬಾಂಡಿನ ಫೋಟೋದಲ್ಲಿ ಲೆಕ್ಕ ತಾಳೆ ಆಗ್ತಿಲ್ಲ

ಪ್ರಶ್ನೆ: ಅಮ್ಮನ (67 ವರ್ಷ) ಎಫ್‌ಡಿ ಬಾಂಡಿನ ಫೋಟೋವನ್ನು ಅಣ್ಣ ಗೋಣಿಕೊಪ್ಪದಿಂದ ವಾಟ್ಸಾಪ್‌ನಲ್ಲಿ ಕಳಿಸಿದ್ದಾನೆ. 3,00,000 ರೂಪಾಯಿ, 36 ತಿಂಗಳು, ಬಡ್ಡಿ 6.30. ಮೆಚ್ಯೂರಿಟಿ 3,67,259 ಅಂತಿದೆ. ನನ್ನ ಲೆಕ್ಕಕ್ಕೆ 3,56,700 ಮಾತ್ರ ಬರ್ತಿದೆ. ಬ್ಯಾಂಕಿನವರು ತಪ್ಪು ಪ್ರಿಂಟ್ ಮಾಡಿದ್ದಾರಾ?

ಇಲ್ಲಿ ಎರಡು ಗೊಂದಲ ಒಂದರ ಮೇಲೊಂದು ಕೂತಿವೆ. ಒಂದು ನಿಮ್ಮ ಲೆಕ್ಕದ್ದು. ಇನ್ನೊಂದು ಬಹುಶಃ ಆ 6.30ದ್ದು.

ನೀವು ಹಾಕಿರುವುದು ಸರಳ ಬಡ್ಡಿ. ಬಡ್ಡಿಯನ್ನು ಮಧ್ಯೆ ತೆಗೆಯದೆ ಬಿಡುವ ಎಫ್‌ಡಿಗೆ ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತವೆ. ಮೂರು ವರ್ಷ ಅಂದರೆ ಹನ್ನೆರಡು ಸಲ. ವರ್ಷದ ದರವನ್ನು ನಾಲ್ಕರಿಂದ ಭಾಗಿಸಿ, ಆ ದರದ ಬಡ್ಡಿಯನ್ನು ಹನ್ನೆರಡು ಸಲ ಅಸಲಿಗೆ ಸೇರಿಸುತ್ತಾ ಹೋಗಬೇಕು. ಗೂಗಲ್‌ನ ಹುಡುಕುವ ಜಾಗದಲ್ಲೇ ಹೀಗೆ ಹಾಕಿ ನೋಡಿ:

```
300000*(1+6.30/400)^12
```

3,61,879 ಬರುತ್ತದೆ. ಆದರೂ ಬಾಂಡಿನ ಮೊತ್ತಕ್ಕೆ 5,380 ರೂಪಾಯಿ ಕಡಿಮೆ. ಪೈಸೆ ರೌಂಡ್ ಮಾಡಿದ್ದಕ್ಕೆ ಒಂದೆರಡು ರೂಪಾಯಿ ಆಚೀಚೆ ಆಗಬಹುದು, ಇಷ್ಟು ಆಗಲ್ಲ.

ಈಗ ಲೆಕ್ಕವನ್ನು ತಿರುಗಿಸಿ. ಮೆಚ್ಯೂರಿಟಿ ಮೊತ್ತ ಸರಿ ಅಂತ ಇಟ್ಟುಕೊಂಡು ದರ ಎಷ್ಟಿರಬೇಕು ಅಂತ ಕೇಳಿ:

```
((367259/300000)^(1/12)-1)*400
```

ಸರಿಯಾಗಿ 6.80! ನನಗೆ ಇದೇ ದೊಡ್ಡ ಸುಳಿವು. ಬ್ಯಾಂಕಿನ ದರಗಳು ಹೆಚ್ಚಾಗಿ 6.75, 6.80 ಈ ಥರ ಇರುತ್ತವೆ. ಮೆಚ್ಯೂರಿಟಿ ಮೊತ್ತವನ್ನೇ ನೀವು ತಪ್ಪಾಗಿ ಓದಿದ್ದರೆ ಉತ್ತರ ಎಡವಟ್ಟಾಗಿ ಬರುತ್ತಿತ್ತು. ಉದಾಹರಣೆಗೆ, ಅಲ್ಲಿರುವ 7 ನಿಜವಾಗಿ 1 ಆಗಿದ್ದರೆ, ಅಂದರೆ 3,61,259 ಇದ್ದರೆ, ದರ 6.24 ಬರುತ್ತದೆ. ಅಂಥ ದರ ಯಾರು ಕೊಡ್ತಾರೆ? ಹಾಗಾಗಿ ಮೊತ್ತ, ಅವಧಿ ಎರಡೂ ಸರಿಯಾಗೇ ಇವೆ, ದರವೇ ಅನುಮಾನ.

ದರಕ್ಕೆ ಎರಡು ಸಾಧ್ಯತೆ ಇದೆ. ತಮಾಷೆ ಅಂದರೆ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ. ಮೊದಲನೆಯದು, ಫೋಟೋದಲ್ಲಿ 8 ನಿಮಗೆ 3 ಆಗಿ ಕಂಡಿದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟಿನಲ್ಲಿ 8ರ ಎಡಗಡೆಯ ಚುಕ್ಕೆಗಳು ಮಾಸಿದರೆ ಉಳಿಯುವುದು 3. ನಮ್ಮ ಕೊಡಗಿನ ಮಳೆಗಾಲ ನಿಮಗೂ ಗೊತ್ತಲ್ವಾ, ಬೀರು ಒಳಗಿಟ್ಟ ಕಾಗದವೂ ಥಂಡಿ ಹಿಡಿದು ಮೆತ್ತಗಾಗುತ್ತದೆ. ಮಡಚಿದ ಗೆರೆ ಅಂಕಿಯ ಮೇಲೇ ಬಂದಿದ್ದರಂತೂ ಮುಗೀತು. ಅಸಲು ಮೊತ್ತವನ್ನು ಬಾಂಡಿನಲ್ಲಿ ಸಾಮಾನ್ಯವಾಗಿ ಅಕ್ಷರದಲ್ಲೂ ಬರೆದಿರುತ್ತಾರೆ, ದರಕ್ಕೆ ಆ ಆಸರೆ ಇರುವುದಿಲ್ಲ.

ಎರಡನೆಯದು, ಅಮ್ಮನ ವಯಸ್ಸು. 60 ದಾಟಿದವರಿಗೆ ಬಹಳಷ್ಟು ಬ್ಯಾಂಕುಗಳು ಅರ್ಧ ಪರ್ಸೆಂಟ್ ಜಾಸ್ತಿ ಕೊಡುತ್ತವೆ. 6.30ಕ್ಕೆ 0.50 ಸೇರಿಸಿ, ಮತ್ತೆ ಅದೇ 6.80. ನೀವು ನೋಡಿದ್ದು ಮಾಮೂಲಿ ದರ, ಪಕ್ಕದಲ್ಲೋ ಕೆಳಗೋ ಸೀನಿಯರ್ ಸಿಟಿಜನ್ ಅಂತ ಚಿಕ್ಕದಾಗಿ ಇದೆ ಅನ್ನುವುದೂ ಆಗಬಹುದು.

ಯಾವುದು ಅಂತ ಫೋಟೋ ಹಿಗ್ಗಿಸಿ ನೋಡಿದರೆ ತಿಳಿಯಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿ ಕಳಿಸುತ್ತದೆ, ಹಿಗ್ಗಿಸಿದಷ್ಟೂ ಮಸುಕು. ಅಣ್ಣನಿಗೆ ಹೇಳಿ, ಬಾಂಡನ್ನು ಮೇಜಿನ ಮೇಲೆ ಹರಡಿ, ಜಗಲಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ತೆಗೆದು, ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲಿ. ಸ್ಕೀಮಿನ ಹೆಸರಿರುವ ಸಾಲೂ ಪೂರ್ತಿ ಬರಲಿ.

ಆ ಸಾಲನ್ನು ಓದದೆ ನಾನೇ ಒಮ್ಮೆ ಮರ್ಯಾದೆ ಕಳೆದುಕೊಂಡಿದ್ದೇನೆ. ಕಾಫಿ ಮಾರಿದ ದುಡ್ಡಿನಲ್ಲಿ ಚಿಕ್ಕಮ್ಮ ಇಟ್ಟ ಎಫ್‌ಡಿಯಲ್ಲಿ ಇಟ್ಟ ಹಣ, ಮೆಚ್ಯೂರಿಟಿ ಎರಡೂ ಒಂದೇ ಇತ್ತು. ಬಡ್ಡಿನೇ ಕೊಟ್ಟಿಲ್ಲ ಅಂತ ಮಡಿಕೇರಿಯ ಬ್ರ್ಯಾಂಚಿಗೆ ಹೋಗಿ ಜೋರು ಮಾಡಿದೆ. ಕೌಂಟರಿನ ಹುಡುಗಿ ಪಾಸ್‌ಬುಕ್ ತಿರುಗಿಸಿ ತೋರಿಸಿದಳು, ಮೂರು ತಿಂಗಳಿಗೊಮ್ಮೆ ಬಡ್ಡಿ ಚಿಕ್ಕಮ್ಮನ ಉಳಿತಾಯ ಖಾತೆಗೆ ಬೀಳುತ್ತಲೇ ಇತ್ತು. ಅಂಥ ಎಫ್‌ಡಿಗೆ ಮೇಲಿನ ಲೆಕ್ಕ ನಡೆಯಲ್ಲ. ನಿಮ್ಮದು ಆ ಥರದ್ದಲ್ಲ, ಮೊತ್ತ ಬೆಳೆದಿರುವುದರಿಂದಲೇ ಗೊತ್ತಾಗುತ್ತದೆ.

ಹೊಸ ಫೋಟೋದಲ್ಲಿ 6.80 ಇದ್ದರೆ, ಇಲ್ಲವೇ 6.30 ಜೊತೆ ಸೀನಿಯರ್ ಅಂತ ಇದ್ದರೆ, ಚಿಂತೆ ಬಿಡಿ. ಸ್ಪಷ್ಟವಾಗಿ 6.30 ಇದ್ದು, ಸೀನಿಯರ್ ಅನ್ನುವ ಮಾತೇ ಇಲ್ಲದಿದ್ದರೆ ಅಣ್ಣ ಅಸಲು ಬಾಂಡ್ ಹಿಡಿದು ಬ್ರ್ಯಾಂಚಿಗೆ ಹೋಗಲಿ. ಸಿಸ್ಟಮಿನಲ್ಲಿ ಈ ಡೆಪಾಸಿಟ್‌ಗೆ ಯಾವ ದರ ಹಾಕಿದ್ದೀರಿ ಅಂತ ಕೇಳಿ, ಸರಿಯಾದ ಪ್ರಿಂಟ್ ತೆಗೆಸಿಕೊಳ್ಳಲಿ. ಅಮ್ಮನ ಜನ್ಮ ದಿನಾಂಕ ಖಾತೆಯಲ್ಲಿ ಸರಿ ಇದೆಯಾ ಅಂತಲೂ ಅವತ್ತೇ ನೋಡಿಸಿ.