ಗಿರಾಕಿ ಟ್ಯಾಗ್ ಮಾಡಿದ ಫೋಟೋ ನಮ್ಮ ಪೇಜಲ್ಲಿ ಹಾಕಬಹುದಾ?

"ಪುಣೆಯಲ್ಲಿ ಮನೆಯಿಂದಲೇ ಇಳಕಲ್ ಸೀರೆ, ಖಣದ ಬ್ಲೌಸ್ ಮಾರ್ತೀನಿ. ಗಿರಾಕಿಗಳು ಉಟ್ಟುಕೊಂಡ ಫೋಟೋ ಹಾಕಿ ನಮ್ಮನ್ನ ಟ್ಯಾಗ್ ಮಾಡ್ತಾರೆ. ಅದನ್ನ ನಮ್ಮ ಪೇಜಲ್ಲಿ ಹಾಕೋಕೆ ಕೇಳಲೇಬೇಕಾ? ಹೆಸರು ಹಾಕಿದ್ರೆ ಸಾಕಲ್ವಾ?"

ಕೇಳಲೇಬೇಕು. ಹೆಸರು ಹಾಕಿದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತೆ ಆಗುವುದಿಲ್ಲ. ಟ್ಯಾಗ್ ಮಾಡಿದವರು "ನೋಡಿ, ನಿಮ್ಮ ಸೀರೆ ಉಟ್ಟಿದ್ದೇನೆ" ಅಂತ ತೋರಿಸಿದ್ದಾರೆ, ಅಷ್ಟೇ.

ನಾನು ಡೊಂಬಿವಲಿಯಲ್ಲಿ ನಮ್ಮ ಅತ್ತಿಗೆಯ ಅಂಗಡಿಯ ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುತ್ತೇನೆ. ನಮ್ಮದೂ ನಿಮ್ಮದೇ ಸರಕು, ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ. ಗಿರಾಕಿಗಳಲ್ಲಿ ಮರಾಠಿಯವರೇ ಜಾಸ್ತಿ. ಹಾಗಾಗಿ ಕೆಳಗೆ ಬರೆದ ಮೆಸೇಜನ್ನು ನಾವು ಮರಾಠಿಯಲ್ಲೇ ಕಳಿಸುತ್ತೇವೆ.

ಒಂದು ಕಡೆ ಮಾತ್ರ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಗಿರಾಕಿ ತನ್ನ ಸ್ಟೋರಿಯಲ್ಲಿ ನಮ್ಮನ್ನು ಮೆನ್ಷನ್ ಮಾಡಿದರೆ ಇನ್‌ಸ್ಟಾಗ್ರಾಮೇ "Add to your story" ಅಂತ ಬಟನ್ ಕೊಡುತ್ತದೆ. ಅದನ್ನು ಒತ್ತಿದರೆ ಅವರ ಹೆಸರಿನ ಸಮೇತ ಬರುತ್ತದೆ, 24 ಗಂಟೆಯಲ್ಲಿ ಹೋಗುತ್ತದೆ. ಆದರೆ ಸ್ಕ್ರೀನ್‌ಶಾಟ್ ತೆಗೆದು ಪೋಸ್ಟ್ ಮಾಡುವುದು, ಹೈಲೈಟ್‌ನಲ್ಲಿ ಕೂರಿಸುವುದು, ವಾಟ್ಸಾಪ್ ಕ್ಯಾಟಲಾಗ್‌ಗೆ ಸೇರಿಸುವುದು, ಇದೆಲ್ಲ ಕೇಳಿ ಮಾಡುವ ಕೆಲಸ.

ಯಾರನ್ನು ಕೇಳಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಅದರಲ್ಲಿ ಕಾಣುವವರದ್ದಲ್ಲ. ಸೆಲ್ಫಿಯಾದರೆ ಇಬ್ಬರೂ ಒಬ್ಬರೇ. ಗಂಡನೋ ಗೆಳತಿಯೋ ತೆಗೆದಿದ್ದರೆ ಒಪ್ಪಿಗೆ ಎರಡು ಬೇಕು: ತೆಗೆದವರದ್ದು, ಮುಖ ಕಾಣುವವರದ್ದು. ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೋ ಆದರೆ ಹಕ್ಕು ತೆಗೆಸಿದವರಿಗೆ ಹೋಗುತ್ತದೆ. ಆದರೆ ಸ್ಟುಡಿಯೋ ಜೊತೆಗಿನ ಕರಾರಿನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ. ಮೂಲೆಯಲ್ಲಿ ಸ್ಟುಡಿಯೋ ಹೆಸರು ಕಂಡರೆ ಅವರಿಗೂ ಒಂದು ಮೆಸೇಜ್ ಹಾಕಿ. ಆ ಹೆಸರನ್ನು ಮಾತ್ರ ಕತ್ತರಿಸಬೇಡಿ.

ಒಂದು ಉದಾಹರಣೆ ಹೇಳುತ್ತೇನೆ. ಗೌರಿ ಹಬ್ಬಕ್ಕೆ ಒಬ್ಬ ಗಿರಾಕಿ ನಮ್ಮ ಕಪ್ಪು ಖಣದ ಬ್ಲೌಸ್ ಹಾಕಿ, ಕೆಂಪು ಇಳಕಲ್ ಉಟ್ಟು ಫೋಟೋ ಹಾಕಿದ್ದರು. ಪಕ್ಕದಲ್ಲಿ ಅವರ ನಾದಿನಿ, ಮುಂದೆ ನಾದಿನಿಯ ಪುಟ್ಟ ಮಗಳು. ಮಗುವಿನ ಲಂಗವೂ ಖಣದ್ದೇ. ಅಂಗಡಿಯವರಿಗೆ ಇದಕ್ಕಿಂತ ಏನು ಬೇಕು! ನಾನು ಆ ಫೋಟೋವನ್ನೇ ಅಂಟಿಸಿ ಹೀಗೆ ಬರೆದೆ:

"ನಮಸ್ಕಾರ, ಈ ಫೋಟೋ ತುಂಬಾ ಚೆನ್ನಾಗಿದೆ. ಇದನ್ನು ನಮ್ಮ ಇನ್‌ಸ್ಟಾಗ್ರಾಮ್ ಪೇಜ್ ಮತ್ತು ವಾಟ್ಸಾಪ್ ಕ್ಯಾಟಲಾಗ್‌ನಲ್ಲಿ ಎರಡು ವರ್ಷ ಬಳಸಬಹುದಾ? ದುಡ್ಡು ಕೊಟ್ಟು ಮಾಡುವ ಜಾಹೀರಾತಿಗೆ ಬಳಸುವುದಿಲ್ಲ. ಫೋಟೋ ತೆಗೆದವರು ಯಾರು? ನಿಮ್ಮ ಹೆಸರು, ಅವರ ಹೆಸರು ಹೇಗೆ ಹಾಕಲಿ? ಫೋಟೋದಲ್ಲಿರುವ ಉಳಿದವರಿಗೂ ಒಪ್ಪಿಗೆಯಾ? ಮುಂದೆ ಯಾವಾಗ ಬೇಡ ಅನ್ನಿಸಿದರೂ ಹೇಳಿ, ತೆಗೆಯುತ್ತೇವೆ. ಒಪ್ಪಿಗೆ ಇದ್ದರೆ 'ಹೌದು, ಬಳಸಿ' ಅಂತ ಬರೆದು ಕಳಿಸಿ."

ಅವರು ಖುಷಿಯಿಂದ ಹೌದು ಅಂದರು. ತೆಗೆದದ್ದು ಮೈದುನ ಅಂತ ಗೊತ್ತಾಯಿತು. ಅವರಿಗೂ ಇದೇ ಮೆಸೇಜ್ ಹೋಯಿತು. ಹೆಸರು ಹಾಕಿದರೆ ಸಾಕು ಅಂದರು. ನಾದಿನಿ ತನ್ನ ಮುಖಕ್ಕೆ ಒಪ್ಪಿದರು, ಮಗುವಿನದು ಬೇಡ ಅಂದರು. ನಾನೇ ಮಗುವನ್ನು ಕ್ರಾಪ್ ಮಾಡಬಹುದಿತ್ತು. ಆದರೆ ಬೇರೆಯವರು ತೆಗೆದ ಫೋಟೋ ಕತ್ತರಿಸುವುದಕ್ಕೂ ಕೇಳಬೇಕಲ್ವಾ? ಮೈದುನರನ್ನು ಕೇಳಿದೆ. ಅವರು ಮಗು ಇಲ್ಲದ ಇನ್ನೊಂದು ಫೋಟೋವನ್ನೇ ಕಳಿಸಿದರು. ಸೀರೆಯ ಸೆರಗು ಅದರಲ್ಲೇ ಚೆನ್ನಾಗಿ ಕಾಣುತ್ತಿತ್ತು. ಮಕ್ಕಳ ವಿಷಯದಲ್ಲಿ ತಾಯಿ ಅಥವಾ ತಂದೆ ಬರೆದು ಹೌದು ಅನ್ನದೆ ನಾವು ಹಾಕುವುದೇ ಇಲ್ಲ. ಅತ್ತೆಯೋ ಚಿಕ್ಕಮ್ಮನೋ ಹೇಳಿದರೆ ಸಾಲದು.

ಮುಂದೆ ದೀಪಾವಳಿಗೆ ಅದೇ ಫೋಟೋ ಬೂಸ್ಟ್ ಮಾಡೋಣ, ಪ್ರದರ್ಶನದ ಸ್ಟಾಲ್‌ಗೆ ಸ್ಟ್ಯಾಂಡಿಯೂ ಮಾಡಿಸೋಣ ಅಂತ ಅತ್ತಿಗೆ ಅಂದರು. ಹಳೆಯ ಒಪ್ಪಿಗೆ ಪೇಜಿಗೆ ಮತ್ತು ಕ್ಯಾಟಲಾಗಿಗೆ ಮಾತ್ರ. ಎಲ್ಲರನ್ನೂ ಮತ್ತೆ ಕೇಳಿದೆವು. ಸ್ಟ್ಯಾಂಡಿಗೆ ಎಲ್ಲರೂ ಸೈ ಅಂದರು. ಬೂಸ್ಟ್ ಮಾತ್ರ ಬೇಡ ಅಂತ ಗಿರಾಕಿ ಹೇಳಿದರು, ಆಫೀಸಿನವರಿಗೆಲ್ಲ ತಾನು ಜಾಹೀರಾತಿನಲ್ಲಿ ಕಾಣುವುದು ಇಷ್ಟವಿಲ್ಲ ಅಂತ. ಬೂಸ್ಟ್‌ಗೆ ಮಡಚಿಟ್ಟ ಸೀರೆಯ ಫೋಟೋ ಹಾಕಿದೆವು. ನನ್ನ ಪ್ರಕಾರ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಪೇಜಲ್ಲಿ ಕಂಡರೆ ಹೆಮ್ಮೆ ಪಡುವವರೇ ಜಾಹೀರಾತಲ್ಲಿ ಕಂಡರೆ ಸಿಟ್ಟಾಗುತ್ತಾರೆ.

ಹೌದು ಅಂತ ಬರೆಸಿಕೊಳ್ಳುವುದು ಯಾಕೆ ಅಂದರೆ, ಕಾಯ್ದೆ ಪ್ರಕಾರ ಬಳಸಲು ಕೊಡುವ ಅನುಮತಿ ಬರಹದಲ್ಲಿರಬೇಕು. ಸ್ಟಾಂಪ್ ಪೇಪರ್ ಏನೂ ಬೇಡ. ಎಲೆಕ್ಟ್ರಾನಿಕ್ ಬರಹವನ್ನೂ ಬರಹ ಅಂತ 2000ದ ಐಟಿ ಕಾಯ್ದೆ ಒಪ್ಪುತ್ತದೆ. ಎಷ್ಟು ಕಾಲ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ನಾವು ಎರಡು ವರ್ಷ ಅಂತಲೇ ಬರೆಯುತ್ತೇವೆ, ಅಷ್ಟರಲ್ಲಿ ಹೊಸ ಫೋಟೋಗಳು ಬಂದಿರುತ್ತವೆ. ಬರೀ ಹಾರ್ಟ್ ಇಮೋಜಿ ಬಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಹೊಗಳಿದ್ದಕ್ಕೆ ಹಾಕಿದ್ದಾರೋ, ಕೇಳಿದ್ದಕ್ಕೋ, ಯಾರಿಗೆ ಗೊತ್ತು? "ಥ್ಯಾಂಕ್ಸ್! ಹಾಗಾದರೆ ಪೇಜಲ್ಲಿ ಬಳಸಲಾ?" ಅಂತ ಇನ್ನೊಮ್ಮೆ ಕೇಳಿ. ಉತ್ತರವೇ ಬರದಿದ್ದರೆ ಅದು ಇಲ್ಲ ಅಂತಲೇ. ಅವರು ನಿಮ್ಮನ್ನು ಫಾಲೋ ಮಾಡದಿದ್ದರೆ ನಿಮ್ಮ ಮೆಸೇಜ್ ರಿಕ್ವೆಸ್ಟ್ ಫೋಲ್ಡರ್‌ನಲ್ಲಿ ಕೂತಿರಬಹುದು. ಪೋಸ್ಟ್ ಕೆಳಗೆ "ಒಂದು ಮೆಸೇಜ್ ಕಳಿಸಿದ್ದೇನೆ, ನೋಡಿ" ಅಂತ ಕಮೆಂಟ್ ಹಾಕಿ, ಅದಕ್ಕೂ ಉತ್ತರವಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಉತ್ತರ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಇನ್‌ಸ್ಟಾಗ್ರಾಮಲ್ಲಿ ಕಳಿಸಿದವರು ಮೆಸೇಜ್ ವಾಪಸ್ ತೆಗೆದರೆ ನಿಮ್ಮ ಕಡೆಯೂ ಮಾಯ. ಸ್ಕ್ರೀನ್‌ಶಾಟಲ್ಲಿ ನಿಮ್ಮ ಪ್ರಶ್ನೆ, ಆ ಫೋಟೋ, ಅವರ ಯೂಸರ್‌ನೇಮ್, ಉತ್ತರ, ತಾರೀಕು ಎಲ್ಲ ಕಾಣಬೇಕು. ಜೊತೆಗೆ ಒಂದು ಶೀಟ್ ಇಡಿ. ನಮ್ಮದರಲ್ಲಿ ಇರುವುದು ತಾರೀಕು, ಯಾರ ಫೋಟೋ, ತೆಗೆದವರು, ಎಲ್ಲೆಲ್ಲಿ ಬಳಸಬಹುದು, ಎಲ್ಲೆಲ್ಲಿ ಹಾಕಿದ್ದೇವೆ, ಯಾವಾಗ ಮುಗಿಯುತ್ತದೆ, ಇಷ್ಟೇ. ಗಿರಾಕಿಯ ವಿಳಾಸ ಅಂತ ಜಾಸ್ತಿ ಮಾಹಿತಿ ತುಂಬಿಸುವ ಗೋಜಿಗೆ ಹೋಗಬೇಡಿ.

ಹೆಸರನ್ನು ಕ್ಯಾಪ್ಶನ್‌ನ ಮೊದಲ ಸಾಲಲ್ಲೇ ಹಾಕಿ. ಉದ್ದದ ಕ್ಯಾಪ್ಶನ್ ಮಡಚಿಕೊಳ್ಳುತ್ತದೆ, ಹ್ಯಾಶ್‌ಟ್ಯಾಗ್‌ಗಳ ಕೆಳಗಿನ ಹೆಸರು ಯಾರಿಗೂ ಕಾಣುವುದಿಲ್ಲ. ಕೆಲವರಿಗೆ ಹೆಸರೇ ಬೇಡ ಇರುತ್ತದೆ, ಪ್ರೈವೇಟ್ ಅಕೌಂಟ್‌ನವರಿಗೆ ಮುಖ್ಯವಾಗಿ. ಅದಕ್ಕೇ ಹೇಗೆ ಹಾಕಲಿ ಅಂತ ಕೇಳುವುದು.

ತೆಗೆಯಿರಿ ಅಂದರೆ ಕಾರಣ ಕೇಳದೆ ಅವತ್ತೇ ತೆಗೆಯಿರಿ. "ಎಲ್ಲೆಲ್ಲಿ ಹಾಕಿದ್ದೇವೆ" ಅನ್ನುವ ಕಾಲಂ ಕೆಲಸಕ್ಕೆ ಬರುವುದು ಆಗಲೇ. ಪೋಸ್ಟ್ ಅಳಿಸಿ ಹೈಲೈಟ್ ಮತ್ತು ಕ್ಯಾಟಲಾಗ್ ಮರೆತರೆ ಅವರು ಮತ್ತೆ ಮೆಸೇಜ್ ಮಾಡಬೇಕಾಗುತ್ತದೆ, ಆ ಮೆಸೇಜ್ ಮೊದಲಿನಷ್ಟು ಮೆತ್ತಗಿರುವುದಿಲ್ಲ. ಬೇರೆಯವರು ಈಗಾಗಲೇ ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ನಮ್ಮ ಕೈಯಲ್ಲಿಲ್ಲ ಅಂತಲೂ ಅವರಿಗೆ ನೇರವಾಗಿ ಹೇಳಿಬಿಡಿ.