ಲ್ಯಾಪ್‌ಟಾಪ್‌ಗೆ ಅರ್ಧ ಬೆಲೆ ಕೇಳಿದವರಿಗೆ ಏನು ಬರೆಯಲಿ?

"ಹಳೇ ಲ್ಯಾಪ್‌ಟಾಪ್ 25 ಸಾವಿರಕ್ಕೆ ಹಾಕಿದ್ದೀನಿ. ಒಬ್ಬರು 12ಕ್ಕೆ ಕೊಡ್ತೀರಾ ಅಂತಾರೆ. ಅವರಿಗೆ ಬೇಜಾರಾಗಬಾರದು, ಬೆಲೆನೂ ಇಳಿಸಬಾರದು. ಏನಂತ ಮೆಸೇಜ್ ಮಾಡಲಿ?"

ಅವರಿಗೆ ಬೇಜಾರಾಗುವುದಿಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಅರ್ಧಕ್ಕೆ ಕೇಳುವವರು ಒಬ್ಬರನ್ನೇ ಕೇಳಿರುವುದಿಲ್ಲ. ನೀವು ಅವರಿಗೆ ಆರನೆಯವರೋ ಏಳನೆಯವರೋ.

ನಾನೂ ಇದೇ ಭಯದಲ್ಲಿ ಕೆಟ್ಟೆ. ತುಮಕೂರಿನಲ್ಲಿ ನನ್ನ ಮೊದಲ ಲ್ಯಾಪ್‌ಟಾಪ್ ಮಾರುವಾಗ 24 ಸಾವಿರ ಹಾಕಿದ್ದೆ. ರಾತ್ರಿ ಹತ್ತು ಗಂಟೆಗೆ ಒಬ್ಬರು, "ಬ್ರೋ, 11ಕ್ಕೆ ಆಗುತ್ತಾ?" ಎಂದರು. ಎರಡೇ ನಿಮಿಷದಲ್ಲಿ ಉತ್ತರ ಕೊಟ್ಟೆ: "11 ತುಂಬಾ ಕಡಿಮೆ ಸರ್, ಬೇಕಿದ್ರೆ 20 ಮಾಡ್ಕೊಡ್ತೀನಿ."

ತಪ್ಪು ಆದದ್ದು ಈ ಒಂದು ಸಾಲಿನಲ್ಲೇ. ಆ ಮನುಷ್ಯ ಇನ್ನೂ ಲ್ಯಾಪ್‌ಟಾಪ್ ಮುಟ್ಟಿಲ್ಲ, ಯಾವ ಪ್ರೊಸೆಸರ್ ಅಂತಲೂ ಕೇಳಿಲ್ಲ, ಬರುತ್ತೇನೆ ಅಂತಲೂ ಹೇಳಿಲ್ಲ, ಸುಮ್ನೆ ಒಂದು ನಂಬರ್ ಎಸೆದಿದ್ದಾರೆ, ಅಷ್ಟಕ್ಕೇ ನಾನು ನಾಲ್ಕು ಸಾವಿರ ಬಿಟ್ಟುಕೊಟ್ಟೆ. ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಾಗ ಅವರ ಲೆಕ್ಕದಲ್ಲಿ 24 ಅನ್ನುವುದೇ ಇರಲಿಲ್ಲ. ಮಾತು 20ರಿಂದ ಶುರುವಾಯಿತು. ಮೂಲೆಯಲ್ಲಿ ಗೀರು, ಎರಡು ಸಾವಿರ ಕಡಿಮೆ. ಬ್ಯಾಟರಿ ಹೇಗಿದೆಯೋ ಏನೋ, ಇನ್ನೊಂದು ಎರಡು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ, "ಚೆನ್ನಾಗಿದೆ ಸರ್" ಅಂತ ನಾಲ್ಕು ಸಲ ಹೇಳಿದೆ. ಕೊನೆಗೆ 15,500ಕ್ಕೆ ಕೊಟ್ಟು ಬಂದೆ. ಗೀರು, ಬ್ಯಾಟರಿ ಎಲ್ಲಾ ಇದ್ದದ್ದೇ. ಆದರೆ 24ರಿಂದ ಇಳಿಯಬೇಕಾಗಿದ್ದನ್ನು 20ರಿಂದ ಇಳಿದೆ, ಅಲ್ವಾ?

ನಮ್ಮಪ್ಪ ತಿಪಟೂರಿಗೆ ಕೊಬ್ಬರಿ ಹಾಕುತ್ತಿದ್ದವರು. ಕಥೆ ಕೇಳಿ ಒಂದೇ ಮಾತು ಕೇಳಿದರು: "ಮೂಟೆ ಬಿಚ್ಚೋಕೆ ಮುಂಚೆನೇ ರೇಟ್ ಇಳಿಸ್ದಾ?"

ಎರಡು ವರ್ಷದ ಮೇಲೆ ತಮ್ಮನ ಲ್ಯಾಪ್‌ಟಾಪ್ ಮಾರುವ ಕೆಲಸ ನನಗೇ ಬಂತು. ಬೆಲೆ 19 ಸಾವಿರ. ಈ ಸಲ ಮೊದಲೇ ಬ್ಯಾಟರಿ ರಿಪೋರ್ಟ್ ತೆಗೆದಿಟ್ಟೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಷ್ಟು ಟೈಪ್ ಮಾಡಿದರೆ ಸಾಕು:

```
powercfg /batteryreport
```

ಒಂದು ಫೈಲ್ ಉಳಿಯುತ್ತದೆ, ಎಲ್ಲಿ ಉಳಿಯಿತು ಅಂತ ಅದೇ ಹೇಳುತ್ತದೆ. ಬ್ರೌಸರ್‌ನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಸಾಲು ನೋಡಿ. ತಮ್ಮನದರಲ್ಲಿ 45,000 ಮತ್ತು 36,900 ಇತ್ತು, ಅಂದರೆ ಹೊಸದರಲ್ಲಿ ಹಿಡಿಯುತ್ತಿದ್ದುದರ 82 ಪರ್ಸೆಂಟ್ ಈಗಲೂ ಹಿಡಿಯುತ್ತದೆ. ಅದರ ಫೋಟೋ ತೆಗೆದೆ.

10 ಸಾವಿರ ಕೇಳಿದವರು ಇಲ್ಲೂ ಬಂದರು. ಅವತ್ತು ರಾತ್ರಿ ಉತ್ತರ ಕೊಡಲಿಲ್ಲ. ಬೆಳಿಗ್ಗೆ ಹೀಗೆ ಬರೆದೆ:

"ನಮಸ್ಕಾರ ಸರ್, ಕೇಳಿದ್ದಕ್ಕೆ ಥ್ಯಾಂಕ್ಸ್. 10ಕ್ಕೆ ಕೊಡೋಕಾಗಲ್ಲ, ಬೆಲೆ 19 ಸಾವಿರ. ಬ್ಯಾಟರಿ 82 ಪರ್ಸೆಂಟ್ ಇದೆ, ರಿಪೋರ್ಟ್ ಫೋಟೋ ಕಳಿಸಿದ್ದೀನಿ. ಬಿಲ್, ಒರಿಜಿನಲ್ ಚಾರ್ಜರ್ ಇದೆ. ಮುಚ್ಚಳದ ಎಡಮೂಲೆಯಲ್ಲಿ ಒಂದು ಗೀರಿದೆ. ಭಾನುವಾರ 11ಕ್ಕೆ ಎಸ್.ಎಸ್. ಪುರಂಗೆ ಬಂದ್ರೆ ಆನ್ ಮಾಡಿ ನಿಧಾನವಾಗಿ ನೋಡಬಹುದು."

ಗೀರನ್ನು ನಾನೇ ಹೇಳಿದ್ದು ಬೇಕಂತಲೇ. ಮೊದಲೇ ಗೊತ್ತಿದ್ದ ಗೀರಿಗೆ ಎದುರು ಕೂತು ದುಡ್ಡು ಕಡಿಮೆ ಮಾಡಿಸುವುದು ಕಷ್ಟ. ಯಾಕೆ ಮಾರುತ್ತಿದ್ದೇನೆ ಅಂತ ಬರೆಯಲಿಲ್ಲ. ತಮ್ಮನ ಫೀಸ್ ಕಟ್ಟಬೇಕಿತ್ತು, ಅದು ಗೊತ್ತಾಗಿದ್ದರೆ ಫೀಸ್ ಕಟ್ಟುವ ಕೊನೆಯ ದಿನದವರೆಗೂ ಕಾಯುತ್ತಿದ್ದರು. "ಸ್ವಲ್ಪ ನೋಡೋಣ", "ನೀವೇ ಒಂದು ಹೇಳಿ" ಇವೂ ಇಲ್ಲ. ಅವರು "12?" ಎಂದರು. "ಬೆಲೆ ಅದೇ ಸರ್, ಒಮ್ಮೆ ಬಂದು ನೋಡಿ" ಎಂದು ಬರೆದು ಬಿಟ್ಟೆ. ಅವರು ಬರಲಿಲ್ಲ.

ನಾಲ್ಕು ದಿನದ ಮೇಲೆ ಗುಬ್ಬಿಯಿಂದ ಒಬ್ಬರು ಮಗಳ ಜೊತೆ ಬಂದರು. ಕೀಬೋರ್ಡ್ ಒತ್ತಿ, ವೈಫೈ ಹಾಕಿ, ವಿಡಿಯೋ ಓಡಿಸಿ ನೋಡಿ 18 ಸಾವಿರ ಕೊಟ್ಟು ತಗೊಂಡು ಹೋದರು. ಒಂದು ಸಾವಿರ ಬಿಟ್ಟೆ, ನಿಜ. ಆದರೆ ದುಡ್ಡು ಕೈಯಲ್ಲಿ ಹಿಡಿದು ಎದುರು ಕೂತವರಿಗೆ ಬಿಟ್ಟೆ.

ಒಂದೇ ಒಂದು ಕಡೆ ನಿಮ್ಮನ್ನು 12ಕ್ಕೆ ಕೇಳಿದವರು ಸರಿ ಇರಬಹುದು. ಇಂಟೆಲ್ ಪ್ರೊಸೆಸರ್ 7ನೇ ಜನರೇಷನ್ ಅಥವಾ ಹಳೆಯದಾದರೆ, ಒಂದೆರಡು ಬಿಟ್ಟು, ಮೈಕ್ರೋಸಾಫ್ಟ್ ಲೆಕ್ಕದಲ್ಲಿ ಅದಕ್ಕೆ ವಿಂಡೋಸ್ 11 ಇಲ್ಲ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಲ್ಯಾಪ್‌ಟಾಪ್‌ಗೆ 25 ಕೇಳಿದರೆ ಯಾವ ಮೆಸೇಜೂ ಕೆಲಸ ಮಾಡುವುದಿಲ್ಲ, ಅಲ್ಲಿ ಇಳಿಸಬೇಕಾದವರು ನೀವೇ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ತೆರೆದು ಪ್ರೊಸೆಸರ್ ಹೆಸರು ನೋಡಿ: i5-8 ಅಂತ ಶುರುವಾಗಿ ನಾಲ್ಕು ಅಂಕಿ ಇದ್ದರೆ 8ನೇ ಜನರೇಷನ್. ಅದೋ ಅದಕ್ಕಿಂತ ಹೊಸದೋ ಆಗಿದ್ದರೆ ಮೇಲಿನ ಮೆಸೇಜ್‌ನಲ್ಲಿ ನಿಮ್ಮ ಬೆಲೆ, ನಿಮ್ಮ ವಿವರ ಹಾಕಿ ನಾಳೆ ಬೆಳಿಗ್ಗೆ ಕಳಿಸಿ. ಈಗ ರಾತ್ರಿ ಬೇಡ.